ಮಂಡಿಯವರು ಹೆಸರಿಡುವ ಮುನ್ನ

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರೈತ ದಾದಾಜಿ ಖೋಬ್ರಾಗಡೆ 1983ರಲ್ಲಿ ತಮ್ಮ ಗದ್ದೆಯಲ್ಲಿ ಬೇರೆ ಬಣ್ಣಕ್ಕೆ ತಿರುಗಿದ್ದ ಕೆಲವು ಭತ್ತದ ತೆನೆಗಳನ್ನು ಕಂಡು ಎತ್ತಿಟ್ಟುಕೊಂಡರು. ವರ್ಷವರ್ಷವೂ ಆರಿಸಿ ಬಿತ್ತಿ ಒಳ್ಳೆಯ ಸಣ್ಣಕ್ಕಿಯ ತಳಿಯನ್ನೇ ಮಾಡಿದರು. ಆದರೆ ಅದಕ್ಕೊಂದು ಹೆಸರಿಟ್ಟಿರಲಿಲ್ಲ. ಕೊಂಡ ವ್ಯಾಪಾರಿ ಆಗ ಎಲ್ಲರ ಬಾಯಲ್ಲಿದ್ದ ಕೈಗಡಿಯಾರದ ಹೆಸರನ್ನೇ ಅಕ್ಕಿಗೂ ಇಟ್ಟುಬಿಟ್ಟ: ಎಚ್‌ಎಂಟಿ. ಆ ಗಡಿಯಾರ ತಯಾರಾಗುತ್ತಿದ್ದ ನಮ್ಮ ಬೆಂಗಳೂರಿನಲ್ಲೂ ಆ ಹೆಸರಿನ ಅಕ್ಕಿ ಸಿಗುತ್ತದೆ. ಕೇಳಿ ಕೊಳ್ಳುವವರಿಗೆ ದಾದಾಜಿ ಯಾರೆಂದು ಗೊತ್ತಿಲ್ಲ.

ಹೆಸರಿಲ್ಲದ ಮಾಲಿಗೆ ಮಾರುಕಟ್ಟೆಯೇ ಹೆಸರಿಡುತ್ತದೆ. ಹಾಗಾಗಿ ತೋಟದಲ್ಲಿ ತಾನಾಗಿ ಹುಟ್ಟಿದ ಒಳ್ಳೆಯ ಮಾವಿನ ಗಿಡವನ್ನು ಗುರುತಿಸಿ ಬೆಳೆಸಿದ ರೈತ ಮೊದಲು ಕೇಳಿಕೊಳ್ಳಬೇಕಾದ್ದು, ಈ ಹೆಸರನ್ನು ನಾಳೆ ಹೇಳುವವರು ಯಾರು ಎಂಬುದನ್ನು.

ರಾಗಿಯಲ್ಲಿ ಇದಕ್ಕೆ ಉತ್ತರ ಸುಲಭ. ಇಂಡಾಫ್, ಜಿಪಿಯು 28, ಎಂಆರ್ ಎಂಬ ಹೆಸರುಗಳನ್ನು ಬಿತ್ತನೆಗೆ ಕೊಳ್ಳುವ ರೈತ ನೆನಪಿಡುತ್ತಾನೆ. ಹಿಟ್ಟಿನ ಗಿರಣಿಗೆ ಬಂದ ಮೇಲೆ ಎಲ್ಲವೂ ಬರೀ ರಾಗಿ. ಹೊಸ ರಾಗಿ ತಳಿಯ ಹೆಸರು ತಿನ್ನುವವರ ತನಕ ಹೋಗಬೇಕಾದರೆ ಬೆಳೆದವನೇ ಚೀಲ ಕಟ್ಟಿ, ಚೀಲದ ಮೇಲೆ ಹೆಸರು ಬರೆದು ಮಾರಬೇಕು. ಮಾವಿಗೆ ಆ ಕಷ್ಟವಿಲ್ಲ. ರಸಪುರಿ ಇದೆಯಾ, ಬಾದಾಮಿ ಬಂತಾ ಎಂದು ಗಿರಾಕಿಯೇ ಹೆಸರು ಹಿಡಿದು ಕೇಳುತ್ತಾನೆ.

ರಾಜಸ್ಥಾನದ ಕೋಟಾದ ರೈತ ಶ್ರೀಕಿಶನ್ ಸುಮನ್ ಬೆಳೆಸಿದ ಗಿಡ್ಡ ಮರದ ಮಾವಿಗೆ 'ಸದಾಬಹಾರ್' ಎಂದು ಹೆಸರು. ವರ್ಷವಿಡೀ ಕಾಯಿ ಬಿಡುವ ಗುಣವನ್ನು ಹೆಸರೇ ಸಾರುತ್ತದೆ. ಗಿಡ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಡ. ಹಣ್ಣು ಕೊಳ್ಳುವವರಿಗೆ ಮಾತ್ರ ಅದರ ರುಚಿ, ಪರಿಮಳದ ಬಗ್ಗೆ ಈ ಹೆಸರು ಏನೂ ಹೇಳುವುದಿಲ್ಲ; ಮರ ಎಷ್ಟು ಸಲ ಹೂ ಬಿಟ್ಟರೆ ಅವರಿಗೇನು? ಮಲೆನಾಡಿನ ಅಪ್ಪೆಮಿಡಿಯವರು ಈ ವಿಷಯದಲ್ಲಿ ಜಾಣರು. 'ಜೀರಿಗೆ' ಎಂದು ಕರೆದರೆ ಉಪ್ಪಿನಕಾಯಿ ಹಾಕುವವರಿಗೆ ಸೊನೆಯ ವಾಸನೆಯೇ ಮೂಗಿಗೆ ಬಡಿಯುತ್ತದೆ.

ಮಾವಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಹೆಸರು ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸು. ತಾಮ್ರಗೆಂಪು ತೊಳೆಯ ಆ ಮರವನ್ನು ನೆಟ್ಟ ಸಿದ್ದಪ್ಪನವರ ಹೆಸರೇ ಮೊಟಕಾಗಿ ತಳಿಗೆ ಬಂತು. ಎರಡೇ ಅಕ್ಷರ, ಕೂಗಿ ಹೇಳಬಹುದು, ಕ್ರೇಟಿನ ಮೇಲೆ ಮಾರ್ಕರ್‌ನಲ್ಲಿ ಗೀಚಬಹುದು. ಮೂಲ ಯಾರ ಮನೆಯದೆಂಬುದೂ ಅದರಲ್ಲೇ ಇದೆ.

ಬಾಯಿಗೆ ಒಗ್ಗಿದರಷ್ಟೇ ಸಾಲದು, ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ (2001) ಒಪ್ಪಬೇಕು. ಶ್ರೀನಿವಾಸಪುರದ ಒಬ್ಬ ರೈತ ಹೆಸರು ಹುಡುಕುತ್ತಿದ್ದಾನೆ ಎಂದಿಟ್ಟುಕೊಳ್ಳಿ. 'ಕೋಲಾರ ಬಾದಾಮಿ' ಎಂದರೆ ಎರಡು ತೊಡಕು: ಊರಿನ ಹೆಸರು ಸೇರಿದರೆ ಅದರ ಬಳಕೆ ಪ್ರಾಮಾಣಿಕವೇ ಎಂದು ನೋಂದಣಾಧಿಕಾರಿಗೆ ಮನವರಿಕೆಯಾಗಬೇಕು, ಬಾದಾಮಿ ಆಗಲೇ ಬೇರೊಂದು ಹಣ್ಣಿನ ಹೆಸರಾದ್ದರಿಂದ ಕೊಳ್ಳುವವರಿಗೆ ಗೊಂದಲವಾಗುತ್ತದೆ. ಬರೀ '27' ಎಂದರೆ, ಅಂಕಿಯಲ್ಲೇ ಕರೆಯುವ ರೂಢಿ ಇಲ್ಲದ ಕಡೆ ನಡೆಯದು. ಮನೆದೇವರ ಹೆಸರಿಟ್ಟರೆ ಯಾರದಾದರೂ ಧಾರ್ಮಿಕ ಭಾವನೆಗೆ ನೋವಾದೀತೇ ಎಂಬ ಪ್ರಶ್ನೆ ಏಳಬಹುದು. ಗಾಂಧಿ, ಶಿವಾಜಿ ಮಹಾರಾಜರಂಥವರ ಹೆಸರಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ. 'ನಾರಿಲ್ಲದ ಮಾವು' ಎಂದಿಟ್ಟು ಹಣ್ಣಿನಲ್ಲಿ ನಾರು ಸಿಕ್ಕರೆ ಅದು ದಾರಿ ತಪ್ಪಿಸುವ ಹೆಸರಾಯಿತು. ಕೊನೆಗೆ ಅಜ್ಜಿಯ ಹೆಸರನ್ನು ಚಿಕ್ಕದು ಮಾಡಿ 'ಪುಟ್ಟಮ್ಮಿ' ಎಂದರೆ, ಅದೇ ಹೆಸರಿನ ಬೇರೆ ಮಾವು ನೋಂದಣಿಯಾಗಿಲ್ಲದಿದ್ದರೆ, ಸಾಮಾನ್ಯವಾಗಿ ತಕರಾರಿರದು. ನನ್ನ ಮತವೂ ಅದಕ್ಕೇ.

ಇಲ್ಲೊಂದು ಗುಟ್ಟಿದೆ. ತಳಿಗೆ ಇಟ್ಟ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಕಾಯ್ದೆ ಬಿಡುವುದಿಲ್ಲ. ಕಸಿಗಿಡ ಕೊಂಡು ಬೆಳೆದ ಪಕ್ಕದ ತಾಲ್ಲೂಕಿನವನೂ ತನ್ನ ಹಣ್ಣನ್ನು ಪುಟ್ಟಮ್ಮಿ ಎಂದೇ ಮಾರಬಹುದು; ಅವನು ಕಾಯಿ ಕೊಯ್ದು ಪುಡಿ ಹಾಕಿ ಹಣ್ಣು ಮಾಡಿದರೆ ಕೆಟ್ಟ ಹೆಸರು ಎಲ್ಲರಿಗೂ ಬರುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಎರಡು ಹೆಸರು ಬೇಕು: ತಳಿಯದೊಂದು, ತೋಟದ್ದೊಂದು. ತೋಟದ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ಪ್ರತ್ಯೇಕ ನೋಂದಾಯಿಸಿಕೊಳ್ಳಬಹುದು.

ರೈತ ತಳಿಯ ನೋಂದಣಿಗೆ ಶುಲ್ಕವಿಲ್ಲ. ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ. ಹಕ್ಕು ಮಾವಿನಂಥ ಮರಗಳಿಗೆ 18 ವರ್ಷ, ರಾಗಿಯಂಥ ಬೆಳೆಗೆ 15 ವರ್ಷ. ಅರ್ಜಿ ಹಾಕುವ ಮೊದಲೇ ನೆಂಟರಿಗೆ, ನರ್ಸರಿಯವರಿಗೆ ಕಸಿಕಡ್ಡಿ ಹಂಚುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಪ್ಲಾಸ್ಟಿಕ್ ಚೀಲಕ್ಕೆ ಅಂಟಿಸಿದ ಚೀಟಿ ಒಂದೇ ಮಳೆಗೆ ಅಳಿಸಿಹೋಗುತ್ತದೆ. ಗಿರಾಕಿ ಇದ್ಯಾವ ಗಿಡ ಎಂದು ಕೇಳಿದಾಗ ನರ್ಸರಿಯವನು ಬಾಯಿಗೆ ಬಂದದ್ದನ್ನು ಹೇಳುತ್ತಾನೆ, ನಾಲ್ಕು ವರ್ಷದಲ್ಲಿ ಅದು ಫಲ ಕೊಡುವ ಹೊತ್ತಿಗೆ ಆ ಹೆಸರೇ ಊರಿನ ಬಾಯಲ್ಲಿ ಕೂತಿರುತ್ತದೆ.