ಉಣ್ಣೆ ಕೋಟು ಮೆಷಿನ್ನಿಗೆ ಬೇಡ

ಎಡಿನ್‌ಬರೋದಲ್ಲಿ ಓದುತ್ತಿರುವ ಮಗಳು ಬರೆದಿದ್ದಾಳೆ: “ಅಮ್ಮಾ, ಚಳಿ ಮುಗೀತಾ ಬಂತು. ಉಣ್ಣೆ ಕೋಟನ್ನು ಮೆಷಿನ್ನಿಗೆ ಹಾಕಬಹುದಾ? ಆಮೇಲೆ ಹೇಗೆ ಎತ್ತಿಡಲಿ?” ಅವಳಿಗೆ ಏನೆಂದು ಉತ್ತರಿಸಲಿ?

ಮೆಷಿನ್ನಿಗೆ ಹಾಕಬೇಡ ಎಂದು ಇವತ್ತೇ ತಿಳಿಸಿಬಿಡಿ. ಉಣ್ಣೆಯ ಎಳೆಯ ಮೈಮೇಲೆ ಒಂದೇ ದಿಕ್ಕಿಗೆ ಬಾಗಿದ ಸಣ್ಣ ಹುರುಪೆಗಳಿರುತ್ತವೆ. ಮಕ್ಕಳು ಗೋಧಿ ತೆನೆಯನ್ನು ಅಂಗಿ ತೋಳಿನೊಳಗೆ ಸೇರಿಸಿ ಕೈ ಆಡಿಸಿದರೆ ಅದು ಮೇಲೆ ಹತ್ತುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಉಣ್ಣೆಯದೂ ಅದೇ ಕಥೆ. ಸೋಪುನೀರಿನಲ್ಲಿ ನೆನೆದು ಅಲುಗಾಡಿದಾಗ ಎಳೆಗಳು ಒಂದೇ ಕಡೆಗೆ ಸರಿದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಹಿಂದೆ ಬರುವುದಿಲ್ಲ. ಬಿಸಿನೀರಾದರೆ ಇದು ಇನ್ನೂ ಬೇಗ. ಬಟ್ಟೆ ಕುಗ್ಗಿ, ದಪ್ಪವಾಗಿ, ನೇಯ್ಗೆಯ ಗೆರೆಯೇ ಕಾಣದಂತಾದರೆ ಮತ್ತೆ ಸರಿಮಾಡಲಾಗದು.

ಸ್ವೆಟರನ್ನಾದರೆ ಉಣ್ಣೆಯ ಸೋಪುನೀರಿನಲ್ಲಿ ಉಜ್ಜದೆ ಅದ್ದಿ ತೆಗೆಯಬಹುದು. ಕೋಟಿನೊಳಗೆ ಲೈನಿಂಗೂ ಗಟ್ಟಿ ಕ್ಯಾನ್ವಾಸೂ ಇರುವುದರಿಂದ ಅದರ ಆಕಾರವೇ ಕೆಡುತ್ತದೆ. ಲೇಬಲ್‌ನಲ್ಲಿ ಬಕೆಟ್ಟಿನ ಚಿತ್ರಕ್ಕೆ ಅಡ್ಡಗೀಟು ಹಾಕಿದ್ದರೆ ನೀರು ಬೇಡ, ವೃತ್ತದೊಳಗೆ P ಇದ್ದರೆ ಡ್ರೈ ಕ್ಲೀನಿಂಗ್ ಎಂದರ್ಥ. ವರ್ಷಕ್ಕೊಮ್ಮೆ, ಎತ್ತಿಡುವ ಮುಂಚೆ ಕೊಟ್ಟರೆ ಸಾಕು. ನಡುವೆ ಬ್ರಷ್ ಆಡಿಸಿ ಗಾಳಿಗೆ ಹಾಕಲಿ.

ಎತ್ತಿಡುವ ಮುಂಚೆಯೇ ಏಕೆ? ಉಣ್ಣೆ ತಿನ್ನುವುದು ಬಟ್ಟೆಚಿಟ್ಟೆಯಲ್ಲ, ಅದರ ಮರಿಹುಳು. ಬೆವರು, ಸಾರಿನ ಕಲೆ ಇರುವ ಜಾಗವೆಂದರೆ ಅದಕ್ಕೆ ಹೆಚ್ಚು ಇಷ್ಟ. ಅದಕ್ಕೇ ತೂತು ಸಾಮಾನ್ಯವಾಗಿ ಕಾಲರು, ಕಂಕುಳಲ್ಲೇ ಬೀಳುತ್ತದೆ. ಡ್ರೈ ಕ್ಲೀನಿಂಗ್‌ನಲ್ಲಿ ಕಲೆಯ ಜೊತೆ ಮೊಟ್ಟೆಗಳೂ ನಾಶವಾಗುತ್ತವೆ. ಕೋಟು ಬಂದ ಮೇಲೆ ಅಂಗಡಿಯ ತೆಳು ಪ್ಲಾಸ್ಟಿಕ್ ತೆಗೆದು ಒಂದು ದಿನ ಗಾಳಿಯಾಡಿಸಿ, ಅಗಲ ಭುಜದ ಹ್ಯಾಂಗರಿಗೆ ಹಾಕಿ, ಜಿಪ್ ಇರುವ ಬಟ್ಟೆಯ ಚೀಲದಲ್ಲಿ ಮುಚ್ಚಿಡಲಿ. ನುಸಿಗುಳಿಗೆಯ ವಾಸನೆ ಮುಂದಿನ ಚಳಿಗಾಲದವರೆಗೂ ಬಿಡದು, ಚೀಲ ಬಿಗಿಯಾಗಿದ್ದರೆ ಅದರ ಅಗತ್ಯವೂ ಇಲ್ಲ.