ಸದ್ದಿಲ್ಲದೆ ಕೆಡುವ ಫೈಲುಗಳು

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ 2007ರಲ್ಲಿ ಒಂದು ವರದಿ ಹೊರತಂದಿತು. ವಿಷಯ ಕಣಭೌತಶಾಸ್ತ್ರದ್ದಲ್ಲ, ಅಲ್ಲಿನ ಹಾರ್ಡ್ ಡಿಸ್ಕುಗಳದ್ದು. ಪರೀಕ್ಷೆ ಬಹಳ ಸರಳವಾಗಿತ್ತು. ಮೂರು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಎರಡು ಗಂಟೆಗೊಮ್ಮೆ 2 ಜಿಬಿಯ ಫೈಲ್ ಬರೆಯುವುದು, ಬರೆದದ್ದನ್ನು ತಾನೇ ಮತ್ತೆ ಓದಿ ಹೋಲಿಸಿ ನೋಡುವುದು. ಐದು ವಾರ ಕಳೆಯುವಷ್ಟರಲ್ಲಿ ಸುಮಾರು ನೂರು ಯಂತ್ರಗಳಲ್ಲಿ ಐನೂರರಷ್ಟು ತಪ್ಪುಗಳು ಸಿಕ್ಕವು. ಬರೆದದ್ದು ಒಂದು, ಓದಲು ಸಿಕ್ಕಿದ್ದು ಇನ್ನೊಂದು.

ಡಿಸ್ಕ್ ಹಾಳಾಗುವುದು ಹೊಸ ಸುದ್ದಿಯೇನಲ್ಲ. ಕರಕರ ಸದ್ದು ಬರುತ್ತದೆ, ಫೈಲ್ ತೆರೆಯುವುದಿಲ್ಲ, ತೆರೆಯಲ್ಲಿ ದೋಷದ ಸಂದೇಶ ಕಾಣುತ್ತದೆ. ಇಲ್ಲಿ ಅದೊಂದೂ ಆಗಿರಲಿಲ್ಲ. ತಪ್ಪು ಮಾಹಿತಿಯನ್ನೇ ಸರಿಯೆಂಬಂತೆ ಡಿಸ್ಕ್ ಕೊಟ್ಟಿತ್ತು.

ಪ್ರತಿ ಡಿಸ್ಕಿನೊಳಗೂ ತಪ್ಪು ಹಿಡಿಯುವ, ಸಣ್ಣಪುಟ್ಟದ್ದನ್ನು ತಿದ್ದುವ ಏರ್ಪಾಡು ಇರುತ್ತದೆ. ಆದರೂ ಹೀಗಾಗುವುದೇಕೆ? ಒಂದು ಕಾರಣ ನೋಡಿ. ಡಿಸ್ಕ್ ‘ಬರೆದಾಯಿತು’ ಎಂದು ಉತ್ತರ ಕೊಟ್ಟಿರುತ್ತದೆ, ಆದರೆ ನಿಜವಾಗಿ ಬರೆದಿರುವುದಿಲ್ಲ. ಆ ಜಾಗದಲ್ಲಿ ಹಳೆಯ ಮಾಹಿತಿಯೇ ಉಳಿದಿರುತ್ತದೆ, ಪಕ್ಕದಲ್ಲಿ ಅದಕ್ಕೆ ಸರಿಹೊಂದುವ ಹಳೆಯ ತಿದ್ದುಪಡಿ ಸಂಕೇತವೂ ಇರುತ್ತದೆ. ಎರಡೂ ತಾಳೆಯಾಗುವುದರಿಂದ ಡಿಸ್ಕಿಗೆ ಅನುಮಾನವೇ ಬರುವುದಿಲ್ಲ. ಬರೆಯಬೇಕಾದ್ದನ್ನು ಸರಿಯಾಗಿಯೇ ಬರೆದು, ಜಾಗ ಮಾತ್ರ ತಪ್ಪಿದಾಗಲೂ ಇದೇ ಗತಿ. ಆದ್ದರಿಂದ ಸಾಕ್ಷಿ ಫೈಲಿನ ಪಕ್ಕದಲ್ಲೇ ಇದ್ದರೆ ಪ್ರಯೋಜನವಿಲ್ಲ, ಅದು ಬೇರೆ ಕಡೆ ಇರಬೇಕು.

ಆ ಸಾಕ್ಷಿಯೇ ಚೆಕ್‌ಸಮ್. ಫೈಲಿನ ಎಲ್ಲ ಬೈಟುಗಳನ್ನೂ ಒಂದು ಲೆಕ್ಕಾಚಾರಕ್ಕೆ ಒಳಪಡಿಸಿದರೆ ನಿಗದಿತ ಉದ್ದದ ಒಂದು ಸಂಖ್ಯೆ ಬರುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ SHA-256 ವಿಧಾನದಲ್ಲಿ ಅದು 64 ಅಕ್ಷರಗಳ ಸಾಲು. ಫೈಲ್ ಒಂದು ಪುಟದ್ದಿರಲಿ, ಮೂರು ಗಂಟೆಯ ಸಿನಿಮಾ ಇರಲಿ, ಸಾಲಿನ ಉದ್ದ ಅಷ್ಟೇ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಫೈಲನ್ನು ಸಂಗ್ರಹಕ್ಕೆ ಸೇರಿಸುವ ದಿನವೇ ಈ ಸಾಲನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತಾರೆ. ಆಮೇಲೆ ಆಗಾಗ ಪ್ರತಿ ಫೈಲನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಹೊಸದಾಗಿ ಲೆಕ್ಕ ಮಾಡಿ, ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಈ ಕೆಲಸಕ್ಕೆ ಸ್ಕ್ರಬ್ಬಿಂಗ್ ಎನ್ನುತ್ತಾರೆ. ಸರ್ನ್‌ನವರು ಹೀಗೆ 33,700 ಫೈಲುಗಳನ್ನು ತಾಳೆ ನೋಡಿದಾಗ 22 ಹೊಂದಿಕೆಯಾಗಲಿಲ್ಲ. ಸರಾಸರಿ ಒಂದೂವರೆ ಸಾವಿರಕ್ಕೆ ಒಂದು.

ಕೆಲಸದ ವಿವರ ತಿಳಿಯಲು ಒಂದು ಕಲ್ಪಿತ ಸಂಗ್ರಹವನ್ನು ತೆಗೆದುಕೊಳ್ಳೋಣ. ತಾಡೋಲೆಗಳನ್ನು ಸ್ಕ್ಯಾನ್ ಮಾಡಿದ ಕೆಲವು ಸಾವಿರ ಟಿಫ್ ಚಿತ್ರಗಳು ಒಂದು ಡಿಸ್ಕಿನಲ್ಲಿವೆ. ಇನ್ನೊಂದು ಊರಿನಲ್ಲಿಟ್ಟ ಡಿಸ್ಕಿನಲ್ಲಿ ಅವುಗಳ ಪೂರ್ತಿ ಪ್ರತಿ ಇದೆ. ಲಿನಕ್ಸ್ ಯಂತ್ರದಲ್ಲಿ ಬೇಕಾಗುವುದು ಎರಡೇ ಆದೇಶ. ಮೊದಲನೆಯದು ಪಟ್ಟಿ ಮಾಡುತ್ತದೆ, ಎರಡನೆಯದು ತಾಳೆ ನೋಡುತ್ತದೆ.

```
sha256sum *.tif > manifest.txt
sha256sum -c --quiet manifest.txt
```

ಎಲ್ಲ ಸರಿಯಿದ್ದರೆ ಎರಡನೆಯ ಆದೇಶ ಏನೂ ಹೇಳದೆ ಮುಗಿಯುತ್ತದೆ. ಒಂದು ದಿನ ಈ ಸಾಲು ಬಂತು ಎಂದಿಟ್ಟುಕೊಳ್ಳಿ:

```
ole_0417.tif: FAILED
```

ತಕ್ಷಣ ಪ್ರತಿಯನ್ನು ತಂದು ಇದರ ಮೇಲೆ ಹಾಕಿಬಿಡುವ ಆಸೆಯಾಗುತ್ತದೆ. ತಡೆಯಬೇಕು. ಮೊದಲು ಫೈಲ್ ಕೊನೆಯ ಬಾರಿ ಬದಲಾದ ದಿನಾಂಕ ನೋಡಬೇಕು. ದಿನಾಂಕ ಹೊಸದಾಗಿದ್ದರೆ ಯಾರೋ ಚಿತ್ರವನ್ನು ತೆರೆದು ತಿದ್ದಿ ಉಳಿಸಿರಬಹುದು, ಅದು ಡಿಸ್ಕಿನ ತಪ್ಪಲ್ಲ. ದಿನಾಂಕವೂ ಗಾತ್ರವೂ ಹಾಗೆಯೇ ಇದ್ದು ಚೆಕ್‌ಸಮ್ ಮಾತ್ರ ಬದಲಾಗಿದ್ದರೆ ಫೈಲ್ ತಾನಾಗಿ ಕೆಟ್ಟಿದೆ ಎಂದೇ ಅನುಮಾನಿಸಬೇಕು. ಆಮೇಲೆ ಇನ್ನೊಂದು ಊರಿನ ಪ್ರತಿಯನ್ನೂ ಅದೇ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಪಟ್ಟಿಯ ನಿಜವಾದ ಬೆಲೆ ಗೊತ್ತಾಗುವುದು ಇಲ್ಲೇ. ಬರೀ ಎರಡು ಪ್ರತಿಗಳಿದ್ದು ಅವು ಒಂದಕ್ಕೊಂದು ಹೊಂದದಿದ್ದರೆ ಯಾವುದು ಸರಿಯೆಂದು ಹೇಳುವವರು ಯಾರು? ಪಟ್ಟಿ ಇದ್ದರೆ ತೀರ್ಪು ಸುಲಭ. ಪ್ರತಿ ಹೊಂದಿದರೆ ಅದೇ ಅಸಲು, ಅದೂ ಹೊಂದದಿದ್ದರೆ ಮೂರನೆಯ ಪ್ರತಿ ಹುಡುಕಬೇಕು.

ಕೆಟ್ಟ ಫೈಲನ್ನು ಅಳಿಸದೆ ಪಕ್ಕಕ್ಕಿಡುವುದು ಜಾಣತನ. ಅದನ್ನು ಒಳ್ಳೆಯ ಪ್ರತಿಯೊಂದಿಗೆ `cmp -l` ಆದೇಶದಿಂದ ಹೋಲಿಸಿದರೆ ವ್ಯತ್ಯಾಸವಿರುವ ಪ್ರತಿ ಬೈಟಿಗೂ ಒಂದು ಸಾಲು ಬರುತ್ತದೆ:

```
18350211 101 141
```

ಮೊದಲನೆಯದು ಬೈಟಿನ ಸ್ಥಾನ, ಉಳಿದೆರಡು ಆ ಸ್ಥಾನದಲ್ಲಿ ಎರಡು ಫೈಲುಗಳಲ್ಲಿರುವ ಬೆಲೆಗಳು, ಎಂಟರ ಆಧಾರದ ಸಂಖ್ಯೆಗಳಲ್ಲಿ. ನಮ್ಮ ಎಣಿಕೆಯಲ್ಲಿ ಅವು 65 ಮತ್ತು 97. ವ್ಯತ್ಯಾಸ 32, ಅಂದರೆ ಒಂದೇ ಒಂದು ಬಿಟ್ ಮಗುಚಿದೆ. ಸಾಲೂ ಒಂದೇ ಇರುವುದರಿಂದ ಇಡೀ ಫೈಲಿನಲ್ಲಿ ಬೇರೆ ಗಾಯವಿಲ್ಲ. ಇಂಥ ಒಂಟಿ ಬಿಟ್ಟಿಗೆ ಮೊದಲ ಅನುಮಾನ ಹೋಗಬೇಕಾದ್ದು ಕಂಪ್ಯೂಟರಿನ ಮೆಮೊರಿಯ ಮೇಲೆ. ಅದರ ಬದಲು ಒಂದರ ಹಿಂದೊಂದು ಸಾವಿರಾರು ಬೈಟುಗಳು ಬದಲಾಗಿದ್ದರೆ ಡಿಸ್ಕ್ ಅಥವಾ ಅದನ್ನು ನಡೆಸುವ ಕಾರ್ಡಿನ ಕಡೆ ನೋಡಬೇಕು. ಸರ್ನ್‌ನಲ್ಲಿ ಕಂಡ ತಪ್ಪುಗಳಲ್ಲಿ ಹತ್ತಕ್ಕೆ ಎಂಟು ಭಾಗ 64 ಕೆಬಿ ಗಾತ್ರದ ತುಂಡುಗಳೇ ಆಗಿದ್ದವು. ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಡಿಸ್ಕಿನೊಳಗಿನ ಫರ್ಮ್‌ವೇರಿಗೂ ರೇಡ್ ಕಾರ್ಡಿಗೂ ಹೊಂದಾಣಿಕೆಯಿಲ್ಲದ್ದು. ಸಾವಿರಾರು ಡಿಸ್ಕುಗಳ ಫರ್ಮ್‌ವೇರ್ ಬದಲಿಸಬೇಕಾಯಿತು. ಫೈಲನ್ನು ಮಾತ್ರ ರಿಪೇರಿ ಮಾಡಿ ಸುಮ್ಮನಾಗಿದ್ದರೆ ಮುಂದಿನ ತಿಂಗಳು ಇನ್ನೊಂದು ಫೈಲ್ ಕೆಡುತ್ತಿತ್ತು.

ಇನ್ನು ಬ್ಯಾಕಪ್ಪೇ ಮುಳುವಾಗುವ ಬಗೆ ಒಂದಿದೆ. ಪ್ರತಿ ಮಾಡಲು ಬಹಳ ಜನ ಬಳಸುವ `rsync` ಸಾಮಾನ್ಯವಾಗಿ ಗಾತ್ರ ಮತ್ತು ದಿನಾಂಕ ಮಾತ್ರ ನೋಡುತ್ತದೆ. ಸದ್ದಿಲ್ಲದೆ ಕೆಟ್ಟ ಫೈಲಿನಲ್ಲಿ ಅವೆರಡೂ ಬದಲಾಗಿರುವುದಿಲ್ಲವಾದ್ದರಿಂದ ಅದು ಆ ಫೈಲನ್ನು ಮುಟ್ಟುವುದಿಲ್ಲ, ಒಳ್ಳೆಯ ಪ್ರತಿ ಉಳಿದುಕೊಳ್ಳುತ್ತದೆ. ಯಾರಾದರೂ ಎಚ್ಚರಿಕೆ ಹೆಚ್ಚಾಗಲಿ ಎಂದು `-c` ಸೇರಿಸಿದರೋ, ಅದು ಎರಡೂ ಕಡೆಯ ಚೆಕ್‌ಸಮ್ ಹೋಲಿಸಿ, ವ್ಯತ್ಯಾಸ ಕಂಡು, ಕೆಟ್ಟದ್ದನ್ನೇ ಒಳ್ಳೆಯದರ ಮೇಲೆ ಬರೆದುಬಿಡುತ್ತದೆ. ಅದರ ದೃಷ್ಟಿಯಲ್ಲಿ ಮೂಲ ಡಿಸ್ಕಿನಲ್ಲಿರುವುದೆಲ್ಲ ಸತ್ಯ. ಹಾಗಾಗಿ ಮೊದಲು ಸ್ಕ್ರಬ್, ಆಮೇಲೆ ಬ್ಯಾಕಪ್ ಎಂಬ ಕ್ರಮ ತಪ್ಪಬಾರದು.

ಈ ತಾಪತ್ರಯ ಬೇಡವೆಂದರೆ ಝೆಡ್ಎಫ್ಎಸ್‌ನಂಥ ಫೈಲ್ ವ್ಯವಸ್ಥೆಗಳಿವೆ. ಅದು ಪ್ರತಿ ತುಂಡಿನ ಚೆಕ್‌ಸಮ್ಮನ್ನೂ ಆ ತುಂಡಿನಿಂದ ದೂರ, ಅದರ ವಿಳಾಸ ಬರೆದಿರುವ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ಎರಡು ಡಿಸ್ಕುಗಳನ್ನು ಜೋಡಿ ಮಾಡಿದ್ದರೆ `zpool scrub` ಆದೇಶ ಕೊಟ್ಟಾಗ ಕೆಟ್ಟ ತುಂಡನ್ನು ತಾನೇ ಹುಡುಕಿ, ಜೊತೆಗಾರ ಡಿಸ್ಕಿನಿಂದ ತಂದು ತಿದ್ದುತ್ತದೆ. ಮನುಷ್ಯ ತಪ್ಪಿ ಅಳಿಸಿದ ಫೈಲನ್ನು ಮಾತ್ರ ಸ್ಕ್ರಬ್ ಮರಳಿ ತರಲಾರದು, ಅದಕ್ಕೆ ಬೇರೆ ಪ್ರತಿ ಬೇಕು.

ಯಾವ ವ್ಯವಸ್ಥೆಗೂ ಒಂದು ಮಿತಿ ಇದ್ದೇ ಇದೆ. ಚೆಕ್‌ಸಮ್ ಬರೆಯುವ ಮೊದಲೇ ಫೈಲ್ ಕೆಟ್ಟಿದ್ದರೆ ಕೆಟ್ಟದ್ದಕ್ಕೇ ಮುದ್ರೆ ಬೀಳುತ್ತದೆ, ಮುಂದೆ ಪ್ರತಿ ಸಲವೂ ತಾಳೆಯಾಗುತ್ತದೆ. ಹೀಗಾಗಿ ಸ್ಕ್ಯಾನರಿನ ಕಂಪ್ಯೂಟರಿನಲ್ಲಿಯೇ, ಫೈಲ್ ಅಲ್ಲಿಂದ ಹೊರಡುವ ಮುನ್ನ ಪಟ್ಟಿ ತಯಾರಿಸುವುದು ಒಳ್ಳೆಯದು. ನಕಲು ಮಾಡಿದ ಕೂಡಲೇ ತಾಳೆ ನೋಡುವುದನ್ನೂ ಪೂರ್ತಿ ನಂಬುವಂತಿಲ್ಲ, ಆಗ ಕಂಪ್ಯೂಟರ್ ಡಿಸ್ಕನ್ನು ಓದದೆ ತನ್ನ ಮೆಮೊರಿಯಲ್ಲಿ ಇನ್ನೂ ಉಳಿದಿರುವುದನ್ನೇ ಕೊಟ್ಟಿರಬಹುದು. ಡಿಸ್ಕನ್ನು ಕಳಚಿ ಮತ್ತೆ ಜೋಡಿಸಿ ಓದಿಸಿದರೆ ಆ ಅನುಮಾನ ಹೋಗುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬುದು ಓದುವ ವೇಗದ ಲೆಕ್ಕ. ಸೆಕೆಂಡಿಗೆ 200 ಎಂಬಿ ಓದುವ ಡಿಸ್ಕಿನಲ್ಲಿ 8 ಟಿಬಿ ಮುಗಿಯಲು ಸುಮಾರು 11 ಗಂಟೆ ಬೇಕು, ಅಂದರೆ ಒಂದು ರಾತ್ರಿ. ಸಣ್ಣ ಸಂಗ್ರಹಕ್ಕೆ ತಿಂಗಳಿಗೊಂದು ರಾತ್ರಿ ದೊಡ್ಡ ಹೊರೆಯಲ್ಲ. ನೂರಾರು ಟಿಬಿ ಇದ್ದವರು ಪಟ್ಟಿಯನ್ನು ಹೋಳು ಮಾಡಿ ದಿನಕ್ಕೊಂದು ಹೋಳು ಓದಿಸುತ್ತಾರೆ, ಮೂರು ತಿಂಗಳಿಗೆ ಒಂದು ಸುತ್ತು ಮುಗಿಯುವಂತೆ. ಈ ಸುತ್ತು ಉದ್ದವಾದಷ್ಟೂ ಒಂದೇ ಫೈಲಿನ ಎರಡೂ ಪ್ರತಿಗಳು ಯಾರ ಕಣ್ಣಿಗೂ ಬೀಳದೆ ಕೆಡಲು ಅವಕಾಶ ಹೆಚ್ಚು.