ಯಾವ ವಾರ, ಎಷ್ಟು ಜನ?

ಮನೆ ಕಟ್ಟಿಸುವವರು ಕಂಟ್ರಾಕ್ಟರಿಗೆ ಬರೆಯುವ ದೂರಿನಲ್ಲಿ ಬಹಳ ಸಲ ಇರುವುದು ಒಂದೇ ಮಾತು: ಕೆಲಸ ತುಂಬಾ ನಿಧಾನವಾಗಿದೆ, ದಯವಿಟ್ಟು ಬೇಗ ಮುಗಿಸಿಕೊಡಿ. ಅದಕ್ಕೆ ಬರುವ ಉತ್ತರವೂ ಒಂದೇ: "ಸೋಮವಾರದಿಂದ ಜನ ಹಾಕ್ತೀನಿ ಸರ್." ಸೋಮವಾರ ಇಬ್ಬರು ಬರುತ್ತಾರೆ, ಬುಧವಾರ ಯಾರೂ ಇರುವುದಿಲ್ಲ. ಮಾತು ತಪ್ಪಿತು ಎಂದು ಹೇಳಲೂ ಆಗುವುದಿಲ್ಲ. ಯಾವ ಕೆಲಸಕ್ಕೆ, ಎಷ್ಟು ಜನ, ಯಾವ ತಾರೀಕಿನವರೆಗೆ ಎಂದು ನೀವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ದೊಡ್ಡ ಕಾಮಗಾರಿಗಳಲ್ಲಿ ಕೆಲಸ ಹಿಂದೆ ಬಿದ್ದಾಗ ಎಂಜಿನಿಯರುಗಳು ಕಂಟ್ರಾಕ್ಟರಿಂದ 'ರಿಕವರಿ ಪ್ಲಾನ್' ಕೇಳುತ್ತಾರೆ. ಉಳಿದಿರುವ ಕೆಲಸ ಎಷ್ಟು, ಅದಕ್ಕೆ ಪ್ರತಿ ವಾರ ಯಾವ ಕಸುಬಿನ ಎಷ್ಟು ಜನ, ಯಾವ ಹಂತ ಯಾವ ದಿನ ಮುಗಿಯುತ್ತದೆ ಎಂಬುದನ್ನು ಕಂಟ್ರಾಕ್ಟರೇ ಬರೆದುಕೊಡುವ ಕಾಗದ ಅದು. ಮೂವತ್ತು ನಲವತ್ತರ ಸೈಟಿನ ಮನೆಗೂ ಅದನ್ನು ಕೇಳಬಹುದು, ಕೇಳಬೇಕು. ಅದಕ್ಕೆ ಬೇಕಾಗಿರುವುದು ಒಂದು ಇಮೇಲ್, ಮತ್ತು ಅದನ್ನು ಬರೆಯುವ ಮುಂಚೆ ಸೈಟಿನಲ್ಲಿ ಕಳೆಯುವ ಒಂದು ಬೆಳಗ್ಗೆ.

ಮೈಸೂರಿನಲ್ಲಿ ಎದ್ದೇಳುತ್ತಿರುವ ಎರಡು ಅಂತಸ್ತಿನ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಪ್ಪಂದದ ಪ್ರಕಾರ ಅಕ್ಟೋಬರ್ 31ಕ್ಕೆ ಬೀಗದ ಕೈ ಸಿಗಬೇಕು. ಮೊದಲ ಮಹಡಿಯ ತಾರಸಿಗೆ ಜೂನ್ 6ಕ್ಕೇ ಕಾಂಕ್ರೀಟ್ ಬೀಳಬೇಕಿತ್ತು. ಇಂದು ಜುಲೈ 10. ಮೇಲಿನ ಗೋಡೆಗಳು ಲಿಂಟೆಲ್ ಮಟ್ಟಕ್ಕೆ ಬಂದು ನಿಂತಿವೆ. ಕೆಳಗಿನ ಮನೆಯ ಸೆಂಟ್ರಿಂಗ್ ಬಿಚ್ಚಿ ತಿಂಗಳುಗಳೇ ಆದರೂ ಒಳಗೆ ಒಂದು ಗೋಡೆಗೂ ಪ್ಲಾಸ್ಟರಿಂಗ್ ಆಗಿಲ್ಲ. ಅಂದರೆ ಕೆಲಸ ಐದು ವಾರ ಹಿಂದಿದೆ.

ಮೊದಲು ತಿಳಿಯಬೇಕಾದದ್ದು ಕೆಲಸ ನಿಂತಿರುವುದು ಯಾಕೆ ಎಂದು. ಕಾರಣವನ್ನು ಬಹುಮಟ್ಟಿಗೆ ಸೈಟೇ ಹೇಳುತ್ತದೆ. ಬ್ಲಾಕು, ಸಿಮೆಂಟು, ಎಂ ಸ್ಯಾಂಡ್ ಎಲ್ಲ ಬಿದ್ದಿದ್ದು ಜನ ಇಲ್ಲದಿದ್ದರೆ, ಗಾರೆಯವರನ್ನು ಕಂಟ್ರಾಕ್ಟರ್ ತಮ್ಮ ಇನ್ನೊಂದು ಸೈಟಿಗೆ ಕಳಿಸಿರುವ ಸಾಧ್ಯತೆ ಹೆಚ್ಚು. ಇಲ್ಲವೇ ಅವರು ಊರಿಗೆ ಹೋಗಿದ್ದಾರೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಎಷ್ಟೋ ಕುಟುಂಬಗಳು ಮುಂಗಾರಿನ ಬಿತ್ತನೆಗೆ ಹೊರಡುತ್ತವೆ. ಜನ ಬಂದು ಸಾಮಾನಿಲ್ಲದೆ ಕೂತಿದ್ದರೆ ಕಂಟ್ರಾಕ್ಟರಿಗೆ ಅಂಗಡಿಯ ಸಾಲ ನಿಂತಿರಬಹುದು. ಶನಿವಾರದ ಬಟವಾಡೆ ಆದ ಮೇಲೆ ಸೋಮವಾರ ಜನ ಕಡಿಮೆಯಾಗುತ್ತಿದ್ದರೆ ಕೂಲಿ ಪೂರ್ತಿ ಸಿಗುತ್ತಿಲ್ಲವೇ ಎಂದು ವಿಚಾರಿಸಿ. ಜನವೂ ಇದ್ದು ಸಾಮಾನೂ ಇದ್ದು ಮೇಸ್ತ್ರಿ ತಲೆ ಕೆರೆದುಕೊಂಡು ನಿಂತಿದ್ದರೆ, ನಕ್ಷೆಯಲ್ಲಿ ಏನೋ ಒಂದನ್ನು ನೀವೇ ತೀರ್ಮಾನಿಸಿಲ್ಲ. ಜನ ಹೆಚ್ಚಿಸಿ ಎಂಬ ಬೇಡಿಕೆ ಮೊದಲನೆಯ ಕಾರಣಕ್ಕೆ ಮಾತ್ರ ಮದ್ದು. ಉಳಿದವುಗಳಲ್ಲಿ ಅದೇ ಬೇಡಿಕೆ ಕೂತವರ ಸಂಖ್ಯೆ ಹೆಚ್ಚಿಸುತ್ತದೆ, ಅಷ್ಟೆ.

ಈ ಮನೆಯಲ್ಲಿ ಸಾಮಾನಿದೆ, ಜನ ಇಲ್ಲ. ಯಜಮಾನರು ದಿನವೂ ಬೆಳಗ್ಗೆ ಹತ್ತಕ್ಕೆ ತೆಗೆದ ಫೋಟೊಗಳಿಂದ ಹಾಜರಿ ಲೆಕ್ಕ ಹಾಕಿದರು. ಜೂನ್ 8ರಿಂದ ಜುಲೈ 4ರವರೆಗಿನ 24 ಕೆಲಸದ ದಿನಗಳಲ್ಲಿ 9 ದಿನ ಸೈಟಿನಲ್ಲಿ ಯಾರೂ ಇರಲಿಲ್ಲ. ಉಳಿದ ದಿನ ಒಬ್ಬ ಗಾರೆಯವ, ಇಬ್ಬರು ಆಳು. ಇಮೇಲಿನಲ್ಲಿ 'ತುಂಬಾ ನಿಧಾನ' ಎಂದು ಬರೆಯುವ ಜಾಗದಲ್ಲಿ ಈ ಒಂದು ವಾಕ್ಯ ಬಂದರೆ ಸಾಕು, ವಾದಕ್ಕೆ ಆಸ್ಪದವೇ ಇರುವುದಿಲ್ಲ.

ಆಮೇಲೆ ಉಳಿದ ಕೆಲಸದ ಅಳತೆ. ಕೆಳಗಿನ ಮನೆಯ ಒಳಗೋಡೆಗಳು, ಛಾವಣಿಯ ಅಡಿ ಸೇರಿ ಪ್ಲಾಸ್ಟರಿಂಗ್ ಸುಮಾರು 3,000 ಚದರಡಿ. ಮೇಲಿನದೂ ಅಷ್ಟೇ. ಒಬ್ಬ ಗಾರೆಯವರು ಒಬ್ಬ ಆಳಿನ ಜೊತೆ ದಿನಕ್ಕೆ ನೂರು ಚದರಡಿ ಮಾಡುತ್ತಾರೆ ಎಂದು ಹಿಡಿಯೋಣ. ಕೈ ಚುರುಕಿದ್ದವರು ಇನ್ನಷ್ಟು ಮಾಡಬಹುದು, ಆದರೆ ಯೋಜನೆಗೆ ಕಡಿಮೆ ಹಿಡಿಯುವುದೇ ಕ್ಷೇಮ. ಆಗ ಕೆಳಗಿನ ಮನೆಗೆ ಒಬ್ಬರೇ ಆದರೆ 30 ದಿನ, ಭಾನುವಾರ ಬಿಟ್ಟು ಐದು ವಾರ. ಮೂವರಾದರೆ 10 ದಿನ. ಹಾಗಾಗಿ ಇಲ್ಲಿ ಜನ ಹೆಚ್ಚಿದರೆ ದಿನ ಕಡಿಮೆಯಾಗುತ್ತದೆ.

ಕಾಂಕ್ರೀಟಿನ ಮುಂದೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನದಂಡವಾದ ಐಎಸ್ 456 ಹೇಳುವಂತೆ, ತಾರಸಿಯ ಹರವು ನಾಲ್ಕೂವರೆ ಮೀಟರಿನೊಳಗಿದ್ದರೆ ಕೆಳಗಿನ ಆಧಾರಗಳನ್ನು 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ಆರು ಮೀಟರಿನೊಳಗಿನ ತೊಲೆಗಳಿಗೂ 14 ದಿನ, ಅದಕ್ಕೂ ಉದ್ದವಾದರೆ 21. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ. ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟ್ ಬಲ ಪಡೆಯುವುದು ಸ್ವಲ್ಪ ನಿಧಾನ. ಅದಕ್ಕೆ ನಿಮ್ಮ ಎಂಜಿನಿಯರು ಇನ್ನೂ ಕೆಲವು ದಿನ ಕಾಯಿರಿ ಎನ್ನಬಹುದು. ನೀರುಣಿಸುವುದೂ ಹಾಗೆಯೇ: ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥದ್ದಕ್ಕೆ 10. ಐವತ್ತು ಜನ ಬಂದರೂ ಈ ದಿನಗಳನ್ನು ಕಡಿತ ಮಾಡಲಾಗದು. ಅವಸರದ ಯೋಜನೆಗಳಲ್ಲಿ ಮೊದಲು ಮಾಯವಾಗುವುದು ಇವೇ ದಿನಗಳು ಎಂಬುದು ನನಗಿರುವ ದೊಡ್ಡ ಆತಂಕ. ತಡವಾದ ಮನೆಯನ್ನು ಸಹಿಸಿಕೊಳ್ಳಬಹುದು, ಜಾಕಿ ಬೇಗ ತೆಗೆದ ತೊಲೆಯ ಕೆಳಗೆ ಬಾಳಲಾಗದು. ಆದ್ದರಿಂದ ಈ ಮಿತಿಯನ್ನು ಇಮೇಲಿನಲ್ಲೇ ಬರೆಯಬೇಕು.

ಯಜಮಾನರ ಇಮೇಲ್ ಹೀಗಿರಬಹುದು. ವಿಷಯದ ಸಾಲಿನಲ್ಲಿ ಮನೆಯ ವಿಳಾಸ, 'ಕೆಲಸದ ವಿಳಂಬ, ಜುಲೈ 14ರೊಳಗೆ ರಿಕವರಿ ಪ್ಲಾನ್ ಬೇಕು' ಎಂದಿರಲಿ.

"ನಮಸ್ಕಾರ. ನಮ್ಮ ಒಪ್ಪಂದದಂತೆ ಮೊದಲ ಮಹಡಿಯ ತಾರಸಿ ಜೂನ್ 6ಕ್ಕೆ ಆಗಬೇಕಿತ್ತು. ಇಂದು, ಜುಲೈ 10ರಂದು, ಗೋಡೆ ಲಿಂಟೆಲ್ ಮಟ್ಟದಲ್ಲಿದೆ. ಜೂನ್ 8ರಿಂದ ಜುಲೈ 4ರವರೆಗಿನ 24 ಕೆಲಸದ ದಿನಗಳಲ್ಲಿ 9 ದಿನ ಯಾರೂ ಬಂದಿಲ್ಲ, ಉಳಿದ ದಿನ ಮೂವರು ಇದ್ದರು. ಫೋಟೊಗಳನ್ನು ಲಗತ್ತಿಸಿದ್ದೇನೆ.

"ಎಲೆಕ್ಟ್ರಿಕಲ್ ಪಾಯಿಂಟುಗಳ ನಕ್ಷೆಯನ್ನು ನಾನು ಜೂನ್ 15ಕ್ಕೆ ಕೊಡಬೇಕಿತ್ತು, 26ಕ್ಕೆ ಕೊಟ್ಟೆ. ಅದರಿಂದ ಕೆಳಗಿನ ಮನೆಯ ಪ್ಲಾಸ್ಟರಿಂಗ್ ತಡವಾದಷ್ಟು ದಿನವನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ. ನನ್ನಿಂದ ಇನ್ನೇನಾದರೂ ಬಾಕಿ ಇದ್ದರೆ, ಹಣವಾಗಲಿ ತೀರ್ಮಾನವಾಗಲಿ, ದಯವಿಟ್ಟು ಉತ್ತರದಲ್ಲಿ ಬರೆಯಿರಿ.

"ಅಕ್ಟೋಬರ್ 31ರ ತಾರೀಕು ಉಳಿಯುವಂತೆ ವಾರವಾರದ ಯೋಜನೆಯನ್ನು ಜುಲೈ 14ರ ಸಂಜೆಯೊಳಗೆ ಕಳಿಸಿ. ತಾರಸಿ ಕಾಂಕ್ರೀಟ್, ಕೆಳಗಿನ ಪ್ಲಾಸ್ಟರಿಂಗ್, ಮೇಲಿನ ಪ್ಲಾಸ್ಟರಿಂಗ್, ಹೊರಗಿನ ಪ್ಲಾಸ್ಟರಿಂಗ್, ಟೈಲ್ಸ್, ಪೇಂಟ್, ಪ್ರತಿಯೊಂದೂ ಯಾವ ದಿನ ಶುರು, ಯಾವ ದಿನ ಮುಗಿತಾಯ ಎಂದಿರಲಿ. ಪ್ರತಿ ವಾರ ಗಾರೆಯವರು ಎಷ್ಟು, ಆಳುಗಳೆಷ್ಟು, ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು, ಎಲೆಕ್ಟ್ರಿಷಿಯನ್ ಎಷ್ಟು ಎಂದು ಬೇರೆಬೇರೆ ಬರೆಯಿರಿ. ತಾರಸಿಯ ಕೆಲಸಕ್ಕೆ ಕಾಯದೆ ಕೆಳಗಿನ ಪ್ಲಾಸ್ಟರಿಂಗಿಗೆ ಬೇರೆ ತಂಡ ಹಾಕಲು ಸಾಧ್ಯವೇ ತಿಳಿಸಿ. ಸೆಂಟ್ರಿಂಗ್ ಬಿಚ್ಚುವ ಮತ್ತು ಕ್ಯೂರಿಂಗ್ ದಿನಗಳನ್ನು ಎಂಜಿನಿಯರ್ ಹೇಳಿದ್ದಕ್ಕಿಂತ ಕಡಿಮೆ ಮಾಡಬಾರದು.

"ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಸೈಟಿನಲ್ಲಿ ಸೇರಿ ಯೋಜನೆ ಮತ್ತು ಆದ ಕೆಲಸ ಎರಡನ್ನೂ ನೋಡೋಣ. ಕೆಲಸ ಮುಂದುವರಿಸಲು ಒಪ್ಪಿದ್ದರೂ, ತಡವಾದದ್ದಕ್ಕೆ ಒಪ್ಪಂದದಂತೆ ಪರಿಹಾರ ಕೇಳುವ ನನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ."

ಎರಡನೆಯ ಭಾಗದಲ್ಲಿ ತನ್ನ ಕಡೆಯ ತಡವನ್ನು ಒಪ್ಪಿಕೊಂಡದ್ದು ಬರಿಯ ಸೌಜನ್ಯವಲ್ಲ. ಕಂಟ್ರಾಕ್ಟರ್ ನಾಳೆ ಎತ್ತಬಹುದಾದ ಆಕ್ಷೇಪವನ್ನು ಯಜಮಾನರೇ ಅಳೆದು ಮುಂದಿಟ್ಟರೆ ಅದು ಆ 11 ದಿನಗಳಾಚೆ ಬೆಳೆಯುವುದಿಲ್ಲ. ನಕ್ಷೆ ಬಾರದ್ದರಿಂದ ಮೇಲಿನ ಗೋಡೆಯೂ ನಿಂತಿತು ಎಂದು ಯಾರೂ ಹೇಳಲಾಗದು, ಏಕೆಂದರೆ ಗೋಡೆಗೆ ಆ ನಕ್ಷೆ ಬೇಕಿರಲಿಲ್ಲ.

ಕೊನೆಯ ವಾಕ್ಯವನ್ನು ಅನೇಕರು ಬಿರುಸಾಯಿತು ಎಂದು ಅಳಿಸಿಬಿಡುತ್ತಾರೆ. ಅಳಿಸಬೇಡಿ. ಭಾರತೀಯ ಕರಾರು ಕಾಯ್ದೆ, 1872ರ 55ನೆಯ ಸೆಕ್ಷನ್ ಪ್ರಕಾರ, ಅವಧಿಯೇ ಮುಖ್ಯವಾಗಿರುವ ಒಪ್ಪಂದದಲ್ಲಿ ಅವಧಿ ಮೀರಿದ ಮೇಲೂ ಕೆಲಸವನ್ನು ಒಪ್ಪಿಕೊಂಡರೆ, ಒಪ್ಪಿಕೊಳ್ಳುವ ಹೊತ್ತಿನಲ್ಲೇ 'ಪರಿಹಾರ ಕೇಳುತ್ತೇನೆ' ಎಂದು ತಿಳಿಸಿರಬೇಕು. ಸುಮ್ಮನಿದ್ದವರು ಆಮೇಲೆ ಕೇಳುವಂತಿಲ್ಲ. ಇಮೇಲಿಗೆ ಲಿಖಿತ ದಾಖಲೆಯ ಮಾನ್ಯತೆಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಕೊಟ್ಟಿದೆ. ಕಂಟ್ರಾಕ್ಟರ್ ಇಮೇಲ್ ನೋಡುವವರಲ್ಲದಿದ್ದರೆ ಅದನ್ನೇ ವಾಟ್ಸಾಪಿನಲ್ಲೂ ಕಳಿಸಿ, ಮೂಲವನ್ನು ಅಳಿಸದೆ ಇಟ್ಟುಕೊಳ್ಳಿ.

ಉತ್ತರ ಬಂತು ಎಂದುಕೊಳ್ಳೋಣ: "ಜುಲೈ 25, ಶನಿವಾರ ತಾರಸಿ. ಮೂರು ಜನ ಗಾರೆಯವರು. ಆಗಸ್ಟ್ 15ಕ್ಕೆ ಕೆಳಗೆ ಮೇಲೆ ಒಳಗಿನ ಪ್ಲಾಸ್ಟರಿಂಗ್ ಪೂರ್ತಿ." ಓದಿದರೆ ಸಮಾಧಾನವಾಗುತ್ತದೆ. ಆದರೆ ಲೆಕ್ಕಕ್ಕೆ ಕೂರಬೇಕಾದದ್ದು ಈಗಲೇ. ತಾರಸಿಗೆ ಎರಡು ವಾರ ಸಾಲುತ್ತದೆ: ಲಿಂಟೆಲ್ ಮೇಲಿನ ಗೋಡೆ, ಸೆಂಟ್ರಿಂಗ್, ಕಂಬಿ, ಪೈಪು ಒಂದರ ಹಿಂದೊಂದು ನಡೆದರೆ ಬಿಗಿಯಾಗಿಯಾದರೂ ಆಗುತ್ತದೆ. ಕೆಳಗಿನ ಪ್ಲಾಸ್ಟರಿಂಗಿಗೆ ಮುಂಚೆ ಗೋಡೆ ಕೊರೆದು ವೈರಿಂಗ್ ಪೈಪು ಕೂರಿಸಬೇಕು. ಎಲೆಕ್ಟ್ರಿಷಿಯನ್ ಬರುವ ದಿನ ಯೋಜನೆಯಲ್ಲಿ ಇಲ್ಲವೇ ಇಲ್ಲ, ಅದನ್ನು ಕೇಳಬೇಕು.

ನಿಜವಾದ ಗಂಟು ಮೇಲ್ಮಹಡಿಯದು. ಜುಲೈ 25ಕ್ಕೆ ಕಾಂಕ್ರೀಟ್ ಬಿದ್ದರೆ 14 ದಿನ ಕಳೆಯುವುದು ಆಗಸ್ಟ್ 8ಕ್ಕೆ. ಅಷ್ಟರವರೆಗೆ ಕೋಣೆಗಳ ತುಂಬ ಜಾಕಿ, ಗಳ. ಅಲ್ಲಿ ಪ್ಲಾಸ್ಟರಿಂಗ್ ಆಗದು. ಆಗಸ್ಟ್ 8ರಿಂದ 14ರವರೆಗೆ ಭಾನುವಾರ ಬಿಟ್ಟರೆ ಸಿಗುವುದು ಆರು ದಿನ, 15 ರಜೆ. 3,000 ಚದರಡಿಗೆ ಬೇಕಾದ 30 ಆಳುದಿನಗಳನ್ನು ಆರು ದಿನದಲ್ಲಿ ಮುಗಿಸಲು ಐವರು ಗಾರೆಯವರು ಬೇಕು, ಬರೆದಿರುವುದು ಮೂವರು. ಆದ್ದರಿಂದ ಒಂದೋ ಇನ್ನಿಬ್ಬರು ಎಲ್ಲಿಂದ ಬರುತ್ತಾರೆಂದು ಹೇಳಬೇಕು, ಇಲ್ಲವೇ ತಾರೀಕು ಆಗಸ್ಟ್ 20 ಆಗಬೇಕು. ಯಜಮಾನರು ಬರೆಯಬೇಕಾದ ಎರಡನೆಯ ಇಮೇಲ್ ಇಷ್ಟೇ ಉದ್ದ. ನನ್ನನ್ನು ಕೇಳಿದರೆ ಆಗಸ್ಟ್ 20ನ್ನೇ ಒಪ್ಪಿಕೊಳ್ಳಿ ಎನ್ನುತ್ತೇನೆ. ಆಗದ ತಾರೀಕನ್ನು ಕಾಗದದ ಮೇಲೆ ಬರೆಸಿಕೊಂಡರೆ ಅದನ್ನು ಉಳಿಸಲು ಜಾಕಿಯನ್ನೇ ಬೇಗ ಎಳೆದಾರು.

ಈ ಹಂತದಲ್ಲಿ ಕಂಟ್ರಾಕ್ಟರ್ ಮುಂಗಡ ಕೇಳುವುದುಂಟು. ಕೂಲಿಗೇ ಕಷ್ಟ ಎಂಬುದು ನಿಜವೆಂದು ಕಂಡರೆ, ಮುಂದಿನ ಹಂತದ ಕಂತನ್ನು ಒಟ್ಟಿಗೆ ಕೊಡುವ ಬದಲು ಶನಿವಾರದ ಅಳತೆಗೆ ತಕ್ಕಂತೆ ವಾರಕ್ಕಿಷ್ಟು ಎಂದು ಬಿಡಿಸಿ ಕೊಡಬಹುದು. ಬಟವಾಡೆ ನಿಲ್ಲುವುದಿಲ್ಲ, ಆಗದ ಕೆಲಸಕ್ಕೆ ಹಣವೂ ಹೋಗುವುದಿಲ್ಲ. ಈ ಬದಲಾವಣೆಯನ್ನೂ ಇಮೇಲಿನಲ್ಲಿ ಬರೆದು ಇಬ್ಬರೂ ಒಪ್ಪಬೇಕು.

ಇನ್ನು ಶನಿವಾರದ ಭೇಟಿ. ಅಲ್ಲಿ ನೋಡುವುದು ಎರಡೇ: ಹೇಳಿದಷ್ಟು ಜನ ಎಷ್ಟು ದಿನ ಇದ್ದರು, ಹೇಳಿದಷ್ಟು ಕೆಲಸ ಆಯಿತೇ. ಜನ ಬಂದೂ ಕೆಲಸ ಆಗದಿದ್ದರೆ ಯೋಜನೆಯ ಅಂದಾಜು ತಪ್ಪಿದೆ, ತಿದ್ದಿಕೊಳ್ಳಬಹುದು. ಜನವೇ ಬರದಿದ್ದರೆ ಮಾತು ಬೇರೆ. ಹಾಗೆ ಎರಡು ವಾರ ಕಳೆದರೆ ಎಂಜಿನಿಯರನ್ನು ಕರೆಸಿ, ಕಂಟ್ರಾಕ್ಟರ್ ಎದುರಿಗೇ ಆದ ಕೆಲಸವನ್ನೆಲ್ಲ ಅಳೆಸಿ, ಇಬ್ಬರ ಸಹಿಯನ್ನೂ ಹಾಕಿಸಿಟ್ಟುಕೊಳ್ಳಿ. ಬೇರೆಯವರಿಗೆ ಕೆಲಸ ಒಪ್ಪಿಸುವ ಮಾತು ಬಂದರೂ, ಇವರೇ ಮುಂದುವರಿದರೂ, ಬಿಲ್ಲಿನ ಲೆಕ್ಕ ಶುರುವಾಗುವುದು ಆ ಅಳತೆಯಿಂದಲೇ.